ಎರೆಮಣ್ಣಿನಲ್ಲಿ ಆಂಟಿಬಯೋಟಿಕ್ ಹುಡುಕುವುದು ಹೇಗೆ? ಮೊದಲು ಖಾಲಿ ಪ್ಲೇಟ್ ಇಟ್ಟುಕೊಳ್ಳಿ

ಪ್ರಾಜೆಕ್ಟ್ ಸಮಯ ಬಂತೆಂದರೆ ರಾಯಚೂರಿನ ನಮ್ಮ ಲ್ಯಾಬ್‌ನಲ್ಲಿ ಎಂ.ಎಸ್ಸಿ. ಹುಡುಗರು ಪ್ಲೇಟ್ ಹಿಡಿದುಕೊಂಡೇ ಓಡಿ ಬರುತ್ತಾರೆ. ‘ಸರ್, ಸಿಕ್ಕೈತ್ರಿ!’ ನೋಡಿದರೆ ನಡುವೆ ಆಂಟಿಬಯೋಟಿಕ್ ತಯಾರಿಸುವ ಮಣ್ಣಿನ ಬ್ಯಾಕ್ಟೀರಿಯಾ ಸ್ಟ್ರೆಪ್ಟೊಮೈಸಿಸ್‌ನ ಬೂದು ಗೆರೆ, ಅದರ ಪಕ್ಕ ಬೇರೆ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ಜಾಗ. ‘ಹೋಲಿಸಿ ನೋಡೋ ಖಾಲಿ ಕಂಟ್ರೋಲ್ ಪ್ಲೇಟ್ ಎಲ್ಲಪ್ಪಾ?’ ಅಂದರೆ ಮಾತಿಲ್ಲ. ಇಂಥ ಖಾಲಿ ಜಾಗಗಳಲ್ಲಿ ಬಹಳಷ್ಟು ಸುಳ್ಳು. ಸುಳ್ಳನ್ನು ಸೋಸುವುದೇ ಇಲ್ಲಿನ ನಿಜವಾದ ಕೆಲಸ.

ಮಣ್ಣು

ಜೋಳ ಕಿತ್ತ ಎರೆಹೊಲ ಒಳ್ಳೆಯದು. ಮೇಲಿನ ಪದರ ಸರಿಸಿ 10ರಿಂದ 15 ಸೆಂ.ಮೀ. ಆಳದ ಮಣ್ಣು ತೆಗೆಯಿರಿ. ನೆರಳಲ್ಲಿ ಒಂದು ವಾರ ಒಣಗಿಸಿ. ಬಿಸಿಲಿಗೆ ಹಾಕಬೇಡಿ, ನಮ್ಮ ಬಿಸಿಲು ಗೊತ್ತಲ್ವಾ. ಹೆಂಟೆ ಪುಡಿ ಮಾಡಿ, 60 ಡಿಗ್ರಿ ಓವನ್‌ನಲ್ಲಿ ಒಂದೆರಡು ಗಂಟೆ ಇಡಿ. ಬೇಡದ ಎಷ್ಟೋ ಬ್ಯಾಕ್ಟೀರಿಯಾ ಅಲ್ಲೇ ಸಾಯುತ್ತವೆ, ಸ್ಟ್ರೆಪ್ಟೊಮೈಸಿಸ್‌ನ ಸ್ಪೋರ್‌ಗಳು ಉಳಿಯುತ್ತವೆ.

ಪ್ಲೇಟ್‌ಗೆ ಹಾಕುವುದು

ಒಂದು ಗ್ರಾಂ ಮಣ್ಣನ್ನು 9 ಮಿ.ಲೀ. ಸ್ಟೆರೈಲ್ ನೀರಿಗೆ ಹಾಕಿ ಅರ್ಧ ಗಂಟೆ ಅಲುಗಾಡಿಸಿ. ಎರೆಮಣ್ಣು ಅಂಟಂಟು ರಾಡಿ, ಐದು ನಿಮಿಷಕ್ಕೆ ಬಿಡಿಸಿಕೊಳ್ಳುವುದಿಲ್ಲ. ಹತ್ತು ಪಟ್ಟಿನಂತೆ ತೆಳುಮಾಡುತ್ತಾ ಹೋಗಿ, ಸಾವಿರ ಮತ್ತು ಹತ್ತು ಸಾವಿರ ಪಟ್ಟು ತೆಳುವಾದವನ್ನು ಸ್ಟಾರ್ಚ್ ಕೇಸೀನ್ ಅಗರ್ ಮೇಲೆ ಹರಡಿ. ಬೂಷ್ಟು ಬಾರದಂತೆ ಅಗರ್‌ಗೆ ಮಿ.ಲೀ.ಗೆ 50 ಮೈಕ್ರೋಗ್ರಾಂ ಸೈಕ್ಲೊಹೆಕ್ಸಿಮೈಡ್ ಸೇರಿಸಿ. ಅದು ವಿಷ, ಗ್ಲೌಸ್ ಹಾಕಿಕೊಂಡೇ ತೂಗಿ. ನ್ಯೂಟ್ರಿಯೆಂಟ್ ಅಗರ್ ಇದೆಯಲ್ಲ ಅಂತ ಅದನ್ನೇ ಸುರಿದರೆ ಎರಡೇ ದಿನದಲ್ಲಿ ಬ್ಯಾಸಿಲಸ್ ಇಡೀ ಪ್ಲೇಟ್ ಆವರಿಸಿಕೊಳ್ಳುತ್ತದೆ.

28 ಡಿಗ್ರಿಯಲ್ಲಿ ಏಳರಿಂದ ಹತ್ತು ದಿನ ಬಿಡಿ. ಮಾಮೂಲಿ ಇನ್ಕ್ಯುಬೇಟರ್ ಬಿಸಿ ಮಾಡುತ್ತದೆ, ತಂಪು ಮಾಡುವುದಿಲ್ಲ. ಏಪ್ರಿಲ್‌ನಲ್ಲಿ ಕೋಣೆಯೇ 38 ಡಿಗ್ರಿ ಇರುವಾಗ ಅದು 28ಕ್ಕೆ ಇಳಿಯುವುದಾದರೂ ಹೇಗೆ? ಬಿಓಡಿ ಇನ್ಕ್ಯುಬೇಟರ್ ಬೇಕೇ ಬೇಕು. ಒಳಗೆ ಒಂದು ಬಟ್ಟಲು ನೀರಿಡಿ, ಇಲ್ಲವಾದರೆ ಅಗರ್ ಹಪ್ಪಳ ಆಗುತ್ತದೆ.

ವಿಭೂತಿ ಬಳಿದಂತೆ ಪುಡಿಪುಡಿಯಾಗಿ, ಅಗರ್‌ಗೆ ಬೇರು ಬಿಟ್ಟಂತೆ ಕೂತ ಕಾಲೊನಿಗಳನ್ನು ಆರಿಸಿ. ಟೂತ್‌ಪಿಕ್‌ನಿಂದ ಮೀಟಿದರೆ ಸುಲಭಕ್ಕೆ ಏಳುವುದಿಲ್ಲ. ಮೊದಲ ಮಳೆಯ ವಾಸನೆ ಬರುತ್ತದಾ ಅಂತ ಪ್ಲೇಟ್ ಮೂಸುವವರಿದ್ದಾರೆ. ದಯವಿಟ್ಟು ಬೇಡ, ಸ್ಪೋರ್ ಮೂಗಿಗೆ ಹೋಗುತ್ತದೆ.

ಅಡ್ಡಗೆರೆ: ಇಲ್ಲೇ ಎಲ್ಲರೂ ಎಡವುವುದು

90 ಮಿ.ಮೀ. ಪ್ಲೇಟ್‌ಗೆ 25 ಮಿ.ಲೀ. ಅಗರ್ ಅಳೆದು ಸುರಿಯಿರಿ. ಕೆಲವು ಅಗ್ಗದ ಪ್ಲೇಟ್‌ಗಳ ತಳ ಸೊಟ್ಟ ಇರುತ್ತದೆ. ಒಂದು ಕಡೆ ಅಗರ್ ದಪ್ಪ, ಇನ್ನೊಂದು ಕಡೆ ತೆಳು. ಅಂಥವನ್ನು ವಾಪಸ್ ಕಳಿಸಿ. ನಡುವೆ ಸ್ಟ್ರೆಪ್ಟೊಮೈಸಿಸ್‌ನ ಒಂದು ಉದ್ದ ಗೆರೆ ಎಳೆದು 28 ಡಿಗ್ರಿಯಲ್ಲಿ ಏಳು ದಿನ ಬಿಡಿ. ಆಮೇಲೆ ಪರೀಕ್ಷೆಯ ಬ್ಯಾಕ್ಟೀರಿಯಾವನ್ನು ಅದಕ್ಕೆ ಅಡ್ಡವಾಗಿ ಎಳೆಯಬೇಕು. ಕಾಲೇಜು ಲ್ಯಾಬ್‌ಗೆ ಬ್ಯಾಸಿಲಸ್ ಸಬ್ಟಿಲಿಸ್, ಮೈಕ್ರೊಕಾಕಸ್ ಲೂಟಿಯಸ್ ಮತ್ತು ಲ್ಯಾಬ್ ತಳಿಯ ಇ. ಕೋಲಿ ಸಾಕು. ಆಸ್ಪತ್ರೆಯಿಂದ ರೋಗದ ತಳಿ ತರುವ ಶೋಕಿ ಬೇಡ.

ಪ್ರಶ್ನೆ ಏನೆಂದರೆ, ಕೈ ಯಾವ ಕಡೆಗೆ ಹೋಗಬೇಕು? ನಡುವಿನಿಂದ ಅಂಚಿಗೆ ಎಳೆದರೆ ಲೂಪ್ ಸ್ಟ್ರೆಪ್ಟೊಮೈಸಿಸ್‌ಗೆ ತಾಗಿ ಸ್ಪೋರ್‌ಗಳನ್ನು ಗೆರೆಯುದ್ದಕ್ಕೂ ಒಯ್ಯುತ್ತದೆ. ಹಾಗಾಗಿ ಅಂಚಿನಿಂದ ಒಳಗೆ ಎಳೆದು, ಬೂದು ಗೆರೆಗೆ ಒಂದೆರಡು ಮಿ.ಮೀ. ದೂರ ಇರುವಾಗಲೇ ನಿಲ್ಲಿಸಿ. ಇದನ್ನು ಎಲ್ಲರೂ ಹೇಳಿಕೊಡುತ್ತಾರೆ.

ಹೇಳಿಕೊಡದೆ ಬಿಡುವುದು ಇದರ ಇನ್ನೊಂದು ಮುಖವನ್ನು. ಲೂಪ್‌ನಲ್ಲಿರುವ ಬ್ಯಾಕ್ಟೀರಿಯಾ ಅಂಚಿನಲ್ಲೇ ಜಾಸ್ತಿ ಇಳಿದುಬಿಡುತ್ತದೆ. ನಡುವಿಗೆ ಬರುವಷ್ಟರಲ್ಲಿ ಲೂಪ್ ಹೆಚ್ಚುಕಮ್ಮಿ ಬರಿದು. ಅಲ್ಲಿ ಬೆಳೆ ತೆಳುವಾಗಿ ಕಂಡರೆ ಅದು ಆಂಟಿಬಯೋಟಿಕ್‌ನ ಕೆಲಸ ಅಲ್ಲ, ಬಿತ್ತನೆಯೇ ಸಾಲಲಿಲ್ಲ ಅಷ್ಟೆ. ಕೂರಿಗೆಯಲ್ಲಿ ಕಾಳು ಮುಗಿದ ಮೇಲೂ ಎತ್ತು ಹೊಡೆದಂತೆ.

ಇದಕ್ಕೇ ಖಾಲಿ ಪ್ಲೇಟ್ ಬೇಕು. ಅದೇ ದಿನ ಸುರಿದ, ಸ್ಟ್ರೆಪ್ಟೊಮೈಸಿಸ್ ಹಾಕದ ಒಂದು ಪ್ಲೇಟನ್ನು ಅದೇ ಇನ್ಕ್ಯುಬೇಟರ್‌ನಲ್ಲಿ ಏಳು ದಿನ ಇಟ್ಟಿರಿ. ಅದರಲ್ಲೂ ಅದೇ ಕೈಯಲ್ಲಿ, ಅಷ್ಟೇ ಉದ್ದದ ಅಡ್ಡಗೆರೆ ಎಳೆಯಿರಿ. ಮರುದಿನ ಅಲ್ಲೂ ಗೆರೆಯ ತುದಿ ತೆಳುವಾಗಿದ್ದರೆ ಆ ಸಾಲಿನ ಫಲಿತಾಂಶ ರದ್ದು. ನಾನಂತೂ ಲೂಪ್ ಬಿಟ್ಟು ಹತ್ತಿಯ ಸ್ವ್ಯಾಬ್ ಬಳಸುತ್ತೇನೆ. ಸಮನಾಗಿ ಇಳಿಯುತ್ತದೆ.

ಎಷ್ಟೇ ಚೆನ್ನಾಗಿ ಮಾಡಿದರೂ ಏಳು ದಿನ ಅಲ್ಲೇ ಉಂಡ ಸ್ಟ್ರೆಪ್ಟೊಮೈಸಿಸ್ ಸುತ್ತಲಿನ ಆಹಾರ ಖಾಲಿ ಮಾಡಿರುತ್ತದೆ. ಅದಕ್ಕೇ ಅಡ್ಡಗೆರೆಯಿಂದ ‘ಇದೆ, ಇಲ್ಲ’ ಅಂತ ಮಾತ್ರ ಹೇಳಿ. ಮಿ.ಮೀ. ಅಳೆದು ಯಾವುದು ಜೋರು ಅಂತ ಪಟ್ಟಿ ಮಾಡಬೇಡಿ.

ಅಗರ್ ಬಿಲ್ಲೆ

ಇಲ್ಲಿ ಪರೀಕ್ಷೆಯ ಬ್ಯಾಕ್ಟೀರಿಯಾಕ್ಕೆ ಹೊಸ ಪ್ಲೇಟ್, ಹೊಸ ಊಟ. ಸ್ಟ್ರೆಪ್ಟೊಮೈಸಿಸ್ಸನ್ನು ಐಎಸ್‌ಪಿ-2 ಅಗರ್ ತುಂಬ ಬೆಳೆಸಿ, 6 ಮಿ.ಮೀ. ಕಾರ್ಕ್ ಬೋರರ್‌ನಿಂದ ಬಿಲ್ಲೆ ಕತ್ತರಿಸಿ. ಮುಲ್ಲರ್ ಹಿಂಟನ್ ಪ್ಲೇಟ್‌ಗೆ 0.5 ಮ್ಯಾಕ್‌ಫರ್ಲ್ಯಾಂಡ್ ಅಳತೆಯ ಬ್ಯಾಕ್ಟೀರಿಯಾವನ್ನು ಮೂರು ದಿಕ್ಕಿನಲ್ಲಿ ಬಳಿದು ಐದು ನಿಮಿಷ ಆರಲು ಬಿಡಿ. ಆರದೆ ಇಟ್ಟರೆ ಬಿಲ್ಲೆ ಜಾರಿ, ಹೋದಲ್ಲೆಲ್ಲ ಸ್ಪೋರ್ ಬಳಿಯುತ್ತದೆ. ಬೆಳೆದ ಮುಖ ಮೇಲೆ ಇರಲಿ. ಬೋರಲು ಇಡುವವರೂ ಇದ್ದಾರೆ, ನನಗೆ ಒಪ್ಪಿಗೆಯಿಲ್ಲ.

ಪ್ಲೇಟನ್ನು ಮೂರು ಗಂಟೆ ಫ್ರಿಜ್‌ನಲ್ಲಿಡಿ. ಬ್ಯಾಕ್ಟೀರಿಯಾ ಬೆಳೆಯುವ ಮೊದಲೇ ಬಿಲ್ಲೆಯ ರಸ ಅಗರ್‌ಗೆ ಇಳಿಯಲಿ. ಆಮೇಲೆ 37 ಡಿಗ್ರಿಯಲ್ಲಿ ಒಂದು ರಾತ್ರಿ. ಅಭ್ಯಾಸಬಲದಿಂದ ಪ್ಲೇಟ್ ಮಗುಚಬೇಡಿ, ಬಿಲ್ಲೆಗಳೆಲ್ಲ ಮುಚ್ಚಳಕ್ಕೆ ಬೀಳುತ್ತವೆ.

ಇಲ್ಲೂ ಏನೂ ಬೆಳೆಸದ ಐಎಸ್‌ಪಿ-2 ಬಿಲ್ಲೆಯೊಂದು ಪಕ್ಕದಲ್ಲಿರಲಿ. ಜತೆಗೆ ಸ್ಟ್ರೆಪ್ಟೊಮೈಸಿಸ್ ಬಿಲ್ಲೆಯ ತಳಕ್ಕೆ ಪಿಎಚ್ ಕಾಗದ ಒತ್ತಿ ನೋಡಿ. ತುಂಬ ಹುಳಿ ಇದ್ದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಝೋನ್ ಆಸಿಡ್‌ನಿಂದಲೂ ಬಂದಿರಬಹುದು.

ಕೊನೆಯ ಸಲ ನಾವು ಸಿಂಧನೂರು ಕಡೆಯ ಜೋಳದ ಹೊಲದಿಂದ 40 ಕಾಲೊನಿ ಎತ್ತಿದ್ದೆವು. ಅಡ್ಡಗೆರೆಯಲ್ಲಿ ಒಂಬತ್ತು ಪಾಸಾದವು. ಖಾಲಿ ಪ್ಲೇಟ್ ನೋಡಿ ಮೂರನ್ನು ತೆಗೆದುಹಾಕಿದೆವು. ಉಳಿದ ಆರರಲ್ಲಿ ಬಿಲ್ಲೆಯಲ್ಲೂ ಝೋನ್ ಕೊಟ್ಟವು ನಾಲ್ಕು. ಅದರಲ್ಲಿ ಜೋರಾದದ್ದು 14ನೇ ನಂಬರ್. ಐದನೇ ದಿನದ ಬಿಲ್ಲೆಯಲ್ಲಿ ಏನೂ ಇರಲಿಲ್ಲ. ಏಳನೇ ದಿನ ಮೈಕ್ರೊಕಾಕಸ್ ಮೇಲೆ 14 ಮಿ.ಮೀ., ಹತ್ತನೇ ದಿನ 19, ಹದಿನಾಲ್ಕನೇ ದಿನ ಮತ್ತೆ 16. ಒಂದೇ ದಿನ ಬಿಲ್ಲೆ ಕತ್ತರಿಸಿ ಕೈತೊಳೆದುಕೊಂಡಿದ್ದರೆ ಇದು ತಪ್ಪಿಹೋಗುತ್ತಿತ್ತು. ಬ್ಯಾಸಿಲಸ್ ಕೂಡ ಸತ್ತಿತ್ತು, ಇ. ಕೋಲಿಗೆ ಮಾತ್ರ ಏನೂ ಆಗಿರಲಿಲ್ಲ.

ಈ ಪ್ರಾಜೆಕ್ಟ್ ಮಾಡುತ್ತಿದ್ದ ಹುಡುಗಿ ಹೊಸ ಆಂಟಿಬಯೋಟಿಕ್ ಸಿಕ್ಕಿತೆಂದು ಹೆಸರಿಡುವ ತಯಾರಿಯಲ್ಲಿದ್ದಳು. ನನ್ನ ಕಣ್ಣು ಮಾತ್ರ ಅಗರ್‌ಗೆ ಇಳಿದಿದ್ದ ಅರಿಸಿನ-ಕಿತ್ತಳೆ ಬಣ್ಣದ ಮೇಲಿತ್ತು. ‘ತಡಿಯವ್ವಾ, ಇದನ್ನ ಈಥೈಲ್ ಅಸಿಟೇಟ್‌ನಾಗ ಇಳಿಸಿ ಸ್ಪೆಕ್ಟ್ರೊಫೋಟೋಮೀಟರ್‌ಗೆ ಹಾಕು’ ಅಂದೆ. ಶಿಖರ 442 ನ್ಯಾನೊಮೀಟರ್ ಹತ್ತಿರ ಬಂತು. ವಾಕ್ಸ್‌ಮನ್ ಮತ್ತು ವುಡ್ರಫ್ 1940ರಲ್ಲೇ ಹೊರತೆಗೆದ ಆಕ್ಟಿನೊಮೈಸಿನ್ ಎಂಬ ಹಳೆಯ ಆಂಟಿಬಯೋಟಿಕ್‌ನ ಗುರುತು ಅದು. ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ 1255ರ ಆಸುಪಾಸಿನ ತೂಕ ಕಂಡರೆ ಪಕ್ಕಾ. ಸ್ಯಾಂಪಲ್ ಹೊರಗೆ ಕಳಿಸಿದ್ದೇವೆ. ಅಷ್ಟರೊಳಗೆ ಆಕೆ ಉಳಿದ ಮೂರರ ಬಿಲ್ಲೆ ಕತ್ತರಿಸಲು ಕೂತಿದ್ದಾಳೆ, ಈ ಸಲ ಖಾಲಿ ಬಿಲ್ಲೆಯನ್ನು ತಾನೇ ಮೊದಲು ಇಟ್ಟುಕೊಂಡು.