ಹುಡುಗರನ್ನಲ್ಲ, ಕೋಲನ್ನು ಸರಿಸಿದೆ: ಹರ್ಡಲ್ಸ್ ರಿದಮ್ ಕಲಿಸಿದ ನನ್ನ ಅನುಭವ

ಹನ್ನೆರಡು ಹದಿಮೂರು ವಯಸ್ಸಿನ ಮಕ್ಕಳಿಗೆ ಎರಡು ತಿಂಗಳಲ್ಲಿ ಹರ್ಡಲ್‌ಗಳ ನಡುವೆ ಮೂರು ಹೆಜ್ಜೆಯ ರಿದಮ್ ಬರುತ್ತದೆ ಅಂದಾಗ ಜೊತೆಯ ಕೋಚ್‌ಗಳು ನಂಬಲಿಲ್ಲ. 'ಮೊದಲು ಐದು ಹೆಜ್ಜೆಯಲ್ಲಿ ಓಡಲಿ, ಮೂರು ತಾನಾಗಿಯೇ ಬರುತ್ತೆ' ಅಂದರು. ಈ ಸಲ ಹದಿನಾಲ್ಕು ಮಕ್ಕಳಲ್ಲಿ ಹನ್ನೊಂದು ಮಕ್ಕಳಿಗೆ ಬಂತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಿಂದಿನ ವರ್ಷ ನಾನೇ ತಪ್ಪು ಮಾಡಿದ್ದೆ. ವರ್ಷದ ಸಾಮಾನಿನ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಹರ್ಡಲ್‌ಗಳಿಗೇ ಸುರಿದೆ. ಅವನ್ನು ಅತಿ ಕಡಿಮೆ ಎತ್ತರಕ್ಕೆ ಇಳಿಸಿದೆ, ಆದರೆ ಅಂತರ ಮಾತ್ರ ದೊಡ್ಡವರ 100 ಮೀಟರ್ ಹರ್ಡಲ್ಸ್‌ನ 8.5 ಮೀಟರೇ ಇಟ್ಟೆ. ಮೂರು ಹೆಜ್ಜೆಗೆ ಯಾರೂ ಮುಟ್ಟಲಿಲ್ಲ. ಹೆಚ್ಚಿನವರು ನಾಲ್ಕು ಹಾಕಿದರು. ನಾಲ್ಕಾದರೆ ಪ್ರತಿ ಹರ್ಡಲ್‌ಗೂ ಲೀಡ್ ಲೆಗ್, ಅಂದರೆ ಮೊದಲು ದಾಟುವ ಕಾಲು, ಬದಲಾಗುತ್ತದಲ್ವಾ? ಒಂದರ ಮೇಲೆ ಚೆನ್ನಾಗಿ ಹೋದವರು ಮುಂದಿನದಕ್ಕೆ ತಡವರಿಸಿ ನಿಂತುಬಿಡುತ್ತಿದ್ದರು. ಒಬ್ಬ ಹುಡುಗನ ಮಂಡಿಗೆ ಪೆಟ್ಟಾಯಿತು. ಆಮೇಲೆ ಅವನು ಹರ್ಡಲ್ ಹತ್ತಿರ ಬಂದಾಗಲೆಲ್ಲ ವೇಗ ಇಳಿಸುತ್ತಿದ್ದ. ಆ ಭಯ ಬಿಡಿಸೋಕೆ ಇಡೀ ಸೀಸನ್ ಹೋಯಿತು.

ಈ ಸಲ ಮೊದಲಿಗೆ ಹರ್ಡಲ್‌ಗಳನ್ನು ಹೊರಗೇ ತೆಗೆಯಲಿಲ್ಲ. ಕೋನ್ ಮತ್ತು ಹಗುರ ಕೋಲು, ಅಷ್ಟೇ. ಕೋಲನ್ನು ಕಟ್ಟಬಾರದು, ಸುಮ್ನೆ ಮೇಲಿಡಬೇಕು, ಕಾಲು ತಗುಲಿದರೆ ಬೀಳಬೇಕು. ನಾಲ್ಕು ಲೇನ್ ಮಾಡಿದೆ: ಕೋಲುಗಳ ನಡುವೆ 5.5, 6, 6.5 ಮತ್ತು 7 ಮೀಟರ್. ಒಂದೊಂದರಲ್ಲೂ ಐದು ಕೋಲು. ಮೊದಲ ವಾರ ಕೋಲು ನೆಲದ ಮೇಲೇ ಇತ್ತು. ನಿಯಮ ಒಂದೇ: ನಡುವೆ ಮೂರೇ ಹೆಜ್ಜೆ. ಆಗದಿದ್ದರೆ ಪಕ್ಕದ ಚಿಕ್ಕ ಲೇನ್‌ಗೆ ಹೋಗು. ಯಾವ ಮಗುವಿಗೆ ಯಾವ ಲೇನ್ ಅಂತ ಮೊದಲ ಓಟ ನೋಡಿಯೇ ಹೇಳುವ ಗುರುತೊಂದು ನನ್ನ ಹತ್ತಿರ ಇದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಜೊತೆಗೇ ಲೀಡ್ ಲೆಗ್. ಗೋಡೆಯ ಮುಂದೆ ನಿಂತು ಮೊದಲು ಮಂಡಿ ಮೇಲೆ, ಆಮೇಲೆ ಪಾದ ಗೋಡೆಗೆ. ಅದಾದ ಮೇಲೆ ಕೋಲಿನ ಪಕ್ಕದಲ್ಲಿ ನಡೆಯುತ್ತ ಲೀಡ್ ಲೆಗ್ ಒಂದನ್ನೇ ಕೋಲಿನ ತುದಿಯ ಮೇಲೆ ದಾಟಿಸುವುದು. ಆಮೇಲೆ ಅದನ್ನೇ ಮೆಲ್ಲಗೆ ಓಡುತ್ತ. ಕಾಲನ್ನು ನೆಟ್ಟಗೆ ಬೀಸಿದರೆ ಮೈ ಮೇಲಕ್ಕೆ ಹಾರುತ್ತದೆ, ಹಿಮ್ಮಡಿ ಮೇಲೆ ಬೀಳುತ್ತಾರೆ. ನೋಡಲೇ ಬೇಕಿಲ್ಲ, ಧಪ್ ಅಂತ ಕೇಳುತ್ತದೆ.

ನಾನು ಜಾಸ್ತಿ ನಂಬಿದ್ದು ಕಿವಿಯನ್ನೇ. ಇಳಿಯುವುದೊಂದು, ಹೆಜ್ಜೆ ಮೂರು, ಒಟ್ಟು ನಾಲ್ಕು ಸದ್ದು. ಬೆನ್ನು ತಿರುಗಿಸಿ ನಿಂತು ಕೇಳುತ್ತಿದ್ದೆ. ಕೊನೆಯ ಸದ್ದು ತಡವಾಗಿ ಜೋರಾಗಿ ಬಂದರೆ ಮಗು ಕಾಲು ಚಾಚುತ್ತಿದೆ, ಅಂತರ ಜಾಸ್ತಿಯಾಗಿದೆ. ಕೊನೆಯೆರಡು ಒಂದರ ಮೇಲೊಂದು ಬಿದ್ದರೆ ಜಾಗ ಸಾಲದೆ ಹೆಜ್ಜೆ ಕತ್ತರಿಸುತ್ತಿದೆ, ಲೇನ್ ದೊಡ್ಡದು ಮಾಡಬೇಕು.

ಚಪ್ಪಾಳೆ ಹೊಡೆದು ರಿದಮ್ ಕೊಡುವ ಪ್ರಯೋಗವನ್ನೂ ಮಾಡಿದೆ. ಮೂರು ದಿನ ವ್ಯರ್ಥ. ಮಕ್ಕಳು ನನ್ನ ಚಪ್ಪಾಳೆಗೆ ಕಾದು ನಿಧಾನವಾದರು. ಅವರೇ 'ಒಂದು, ಎರಡು, ಮೂರು' ಅಂತ ಕೂಗಿಕೊಂಡು ಓಡಿದಾಗ ಸರಿಹೋಯಿತು. ತೀರ ಪುಟ್ಟ ಮೂವರಿಗೆ 8.5 ಮೀಟರಲ್ಲಿ ಐದು ಹೆಜ್ಜೆ ಕೊಟ್ಟೆ. ಐದೂ ಬೆಸ ಸಂಖ್ಯೆಯೇ, ಲೀಡ್ ಲೆಗ್ ಬದಲಾಗುವುದಿಲ್ಲ. ಮೂರು ಬಾರದೆ ಉಳಿದವರು ಇವರೇ.

ಒಬ್ಬ ಹುಡುಗಿಯ ಕಥೆ ಹೇಳಲೇಬೇಕು. 6 ಮೀಟರಲ್ಲಿ ಸಲೀಸಾಗಿ ಓಡುತ್ತಿದ್ದಳು. ಕೋಲನ್ನು ಒಂದು ಗೇಣು ಎತ್ತರಿಸಿದ ದಿನವೇ ಮೂರನೇ ಕೋಲಿಗೆ ಬರುವಾಗ ನಾಲ್ಕನೇ ಹೆಜ್ಜೆ ಹಾಕತೊಡಗಿದಳು. ನೆಲಕ್ಕೆ ಸುಣ್ಣದ ಪುಡಿ ಹಾಕಿ ನೋಡಿದೆ. ಮೊದಲು ಅವಳದೇ ಪಾದದಲ್ಲಿ ಆರೇಳು ಪಾದ ಹಿಂದಿನಿಂದ ಹಾರಿ ನಾಲ್ಕು ಪಾದ ಮುಂದೆ ಇಳಿಯುತ್ತಿದ್ದಳು. ಈಗ ನಾಲ್ಕು ಪಾದ ಹತ್ತಿರ ಬಂದು ಹಾರುತ್ತಿದ್ದಳು. ಅಷ್ಟು ಹತ್ತಿರದಿಂದ ಹಾರಿದರೆ ಮೇಲಕ್ಕೇ ಹಾರಬೇಕು. ದೂರ ಬಿದ್ದು, ವೇಗ ಸತ್ತು, ಮುಂದಿನ ಕೋಲಿಗೆ ಮೂರು ಹೆಜ್ಜೆ ಸಾಲುತ್ತಿರಲಿಲ್ಲ. ಎತ್ತರ ಹಾಗೇ ಬಿಟ್ಟೆ. ಅಂತರವನ್ನು ಅರ್ಧ ಅಡಿ ಕಡಿಮೆ ಮಾಡಿದೆ. ಹಾರುವ ಜಾಗದಲ್ಲಿ ಇನ್ನೊಂದು ಕೋಲನ್ನು ನೆಲಕ್ಕಿಟ್ಟು, ಅದರ ಆಚೆ ಕಾಲಿಡಬಾರದು ಅಂದೆ. ನಾಲ್ಕನೇ ದಿನ ಐದೂ ಕೋಲು ಮೂರು ಹೆಜ್ಜೆಯಲ್ಲಿ ದಾಟಿದಳು. ಅವತ್ತಿಂದ ಎತ್ತರ ಏರಿಸಿದಾಗಲೆಲ್ಲ ಎಲ್ಲರಿಗೂ ಅರ್ಧ ಅಡಿ ಒಳಗೆ ತಂದು, ಸದ್ದು ಸರಿಯಾದ ಮೇಲೆ ವಾಪಸ್ ಬಿಡುತ್ತೇನೆ.

ಸ್ಟಾರ್ಟ್ ಕೊನೆಯಲ್ಲಿ ಸೇರಿಸಿದೆ. ಮೊದಲ ಕೋಲಿಗೆ ಎಂಟು ಹೆಜ್ಜೆ, ಲೀಡ್ ಲೆಗ್ ಸ್ಟಾರ್ಟಿನಲ್ಲಿ ಹಿಂದೆ. ಒಳಗೆ ಬಿದ್ದಿದ್ದ ಹರ್ಡಲ್‌ಗಳು ಒಂಬತ್ತನೇ ವಾರ ಹೊರಗೆ ಬಂದವು. ಅವೂ 6.5 ಮೀಟರಿನ ಗುರುತಿನ ಮೇಲೆಯೇ ನಿಂತವು. ಆ ಹುಡುಗಿಯೇ ಮೊದಲು ಓಡಿದಳು. ನಾನು ಬೆನ್ನು ತಿರುಗಿಸಿಯೇ ನಿಂತಿದ್ದೆ.