ಕಾಂಟ್ರ್ಯಾಕ್ಟ್ ನೋಟಿನಲ್ಲಿ ಕಾಣದ ಖರ್ಚು: ಮೂರು ಡಿಮ್ಯಾಟ್ ಖಾತೆಗಳನ್ನು ಹೋಲಿಸಿ ನೋಡಿದ ಅನುಭವ

ಒಮ್ಮೆ ನಾನು ₹1,180 ಮೌಲ್ಯದ ಷೇರುಗಳನ್ನು ಮಾರಿದ್ದೆ. ಸಂಜೆ ಇಮೇಲ್‌ಗೆ ಬಂದ ಕಾಂಟ್ರ್ಯಾಕ್ಟ್ ನೋಟಿನಲ್ಲಿ ಬ್ರೋಕರೇಜ್ ಶೇ. 0.50ರಂತೆ ₹5.90 ಎಂದಿತ್ತು, ಅದರ ಮೇಲಿನ ತೆರಿಗೆಗಳೂ ಸರಿಯಾಗಿದ್ದವು. ಎರಡು ದಿನಗಳ ನಂತರ ಹಣ ಹಿಂಪಡೆಯಲು ಹೋದಾಗ ಖಾತೆಯಲ್ಲಿ ನೋಟಿನಲ್ಲಿದ್ದ ಮೊತ್ತಕ್ಕಿಂತ ₹29.50 ಕಡಿಮೆಯಿತ್ತು. ಲೆಡ್ಜರ್ ತೆರೆದು ನೋಡಿದಾಗ ಅದು ಡಿಪಿ ಶುಲ್ಕವೆಂದು ತಿಳಿಯಿತು. ₹25 ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ. ಅಂದರೆ ನಾನು ಇಷ್ಟು ವರ್ಷ ಕಣ್ಣಿಟ್ಟು ನೋಡುತ್ತಿದ್ದ ಬ್ರೋಕರೇಜಿನ ಐದು ಪಟ್ಟು ಹಣ, ನಾನು ನೋಡದೇ ಇದ್ದ ಪುಟದಲ್ಲಿ ಹೋಗುತ್ತಿತ್ತು.

ಈ ಶುಲ್ಕ ಕಾಂಟ್ರ್ಯಾಕ್ಟ್ ನೋಟಿನಲ್ಲಿ ಬಾರದಿರುವುದಕ್ಕೆ ಕಾರಣವಿದೆ. ನೋಟು ಎಂಬುದು ಷೇರು ವಿನಿಮಯ ಕೇಂದ್ರದಲ್ಲಿ ನಡೆದ ವ್ಯವಹಾರದ ದಾಖಲೆ. ಷೇರುಗಳು ನಮ್ಮ ಡಿಮ್ಯಾಟ್ ಖಾತೆಯಿಂದ ಹೊರಗೆ ಹೋಗುವುದು ಬೇರೆ ಕೆಲಸ. ಅದನ್ನು ಮಾಡುವುದು ಸಿಡಿಎಸ್‌ಎಲ್ ಅಥವಾ ಎನ್‌ಎಸ್‌ಡಿಎಲ್ ಎಂಬ ಡಿಪಾಸಿಟರಿ ಮತ್ತು ಅದರ ಪ್ರತಿನಿಧಿ, ಅಂದರೆ ಡಿಪಿ ಆದ ನಮ್ಮ ಬ್ರೋಕರ್. ಡಿಪಾಸಿಟರಿಯ ಪಾಲು ಮೂರೂವರೆ ರೂಪಾಯಿಯ ಆಸುಪಾಸಿನಲ್ಲಿದ್ದರೆ, ಉಳಿದದ್ದನ್ನು ಬ್ರೋಕರ್ ತನ್ನ ಪಾಲಾಗಿ ಸೇರಿಸುತ್ತಾನೆ. ಆದ್ದರಿಂದಲೇ ಈ ಶುಲ್ಕ ಒಂದೊಂದು ಕಡೆ ಒಂದೊಂದು ರೀತಿ ಇದೆ. ಕೊಳ್ಳುವಾಗ ಇದು ಇಲ್ಲ, ಮಾರುವಾಗ ಮಾತ್ರ. ಅದೂ ಷೇರುಗಳ ಸಂಖ್ಯೆಯ ಮೇಲಲ್ಲ, ಒಂದು ದಿನಕ್ಕೆ ಒಂದು ಕಂಪನಿಗೆ ಇಷ್ಟು ಎಂಬ ಲೆಕ್ಕ. ಒಂದೇ ಕಂಪನಿಯ ನೂರು ಷೇರುಗಳನ್ನು ಒಂದೇ ದಿನ ಮೂರು ಕಂತಿನಲ್ಲಿ ಮಾರಿದರೆ ನನ್ನ ಖಾತೆಯಲ್ಲಿ ಒಂದೇ ಸಲ ಕಡಿತವಾಯಿತು. ಮೂರು ದಿನಗಳಲ್ಲಿ ಮಾರಿದಾಗ ಮೂರು ಸಲ.

ಇದಾದ ಮೇಲೆ 2025ರ ಆರಂಭದಲ್ಲಿ ಕುಳಿತು ಮೂರು ಖಾತೆಗಳನ್ನು ಹೋಲಿಸಿದೆ. ಮೊದಲನೆಯದು ನನ್ನ ಹಳೆಯ ಬ್ಯಾಂಕಿನ, ಉಳಿತಾಯ, ಟ್ರೇಡಿಂಗ್, ಡಿಮ್ಯಾಟ್ ಮೂರೂ ಒಟ್ಟಿಗಿರುವ ತ್ರೀ-ಇನ್-ಒನ್ ಖಾತೆ. ಎರಡನೆಯದು ಡೆಲಿವರಿಗೆ, ಅಂದರೆ ಷೇರುಗಳನ್ನು ಅದೇ ದಿನ ಮಾರದೆ ಖಾತೆಯಲ್ಲಿ ಇಟ್ಟುಕೊಳ್ಳುವ ವ್ಯವಹಾರಕ್ಕೆ, ಬ್ರೋಕರೇಜ್ ತೆಗೆದುಕೊಳ್ಳದ, ನಾನು ಆಗಷ್ಟೇ ತೆರೆದಿದ್ದ ಖಾತೆ. ಮೂರನೆಯದು ನನ್ನ ತಮ್ಮನದು; ಅಲ್ಲಿ ವಾರ್ಷಿಕ ಶುಲ್ಕವಿಲ್ಲ, ಆದರೆ ಪ್ರತಿ ಆರ್ಡರಿಗೆ ಶೇ. 0.1 ಅಥವಾ ₹20, ಇವೆರಡರಲ್ಲಿ ಕಡಿಮೆಯಾದದ್ದು, ಕನಿಷ್ಠ ₹5 ಎಂಬ ನಿಯಮವಿದೆ. ಹೋಲಿಕೆಗೆ ಜಾಹೀರಾತನ್ನು ನಂಬದೆ, ಮೂರೂ ಖಾತೆಗಳ ಲೆಡ್ಜರ್ ಇಳಿಸಿಕೊಂಡು, ಕಾಂಟ್ರ್ಯಾಕ್ಟ್ ನೋಟುಗಳ ಸಾಲುಗಳನ್ನು ಒಂದೊಂದಾಗಿ ಹೊಡೆದುಹಾಕುತ್ತ ಹೋದೆ. ಕೊನೆಗೆ ಉಳಿದ ಸಾಲುಗಳೇ ನೋಟಿನಲ್ಲಿ ಕಾಣದ ಖರ್ಚು.

ಸರ್ಕಾರ ಮತ್ತು ವಿನಿಮಯ ಕೇಂದ್ರಕ್ಕೆ ಹೋಗುವ ಭಾಗವನ್ನು ಮೊದಲೇ ಬದಿಗಿಟ್ಟೆ, ಏಕೆಂದರೆ ಅದು ಎಲ್ಲೆಡೆ ಒಂದೇ. ₹10,000ದ ಡೆಲಿವರಿ ಖರೀದಿಗೆ ಷೇರು ವಹಿವಾಟಿನ ತೆರಿಗೆಯಾದ ಎಸ್‌ಟಿಟಿ ₹10, ಮುದ್ರಾಂಕ ಶುಲ್ಕ ₹1.50, ಎನ್‌ಎಸ್‌ಇ ವಹಿವಾಟು ಶುಲ್ಕ ಸುಮಾರು 30 ಪೈಸೆ. ಮಾರಾಟಕ್ಕೆ ಮುದ್ರಾಂಕ ಶುಲ್ಕವಿಲ್ಲ. ವಹಿವಾಟು ಶುಲ್ಕದಲ್ಲಿ ಹಿಂದೆ ಒಂದು ಒಳಗುಟ್ಟಿತ್ತು. ಹೆಚ್ಚು ವಹಿವಾಟು ನಡೆಸುವ ಬ್ರೋಕರಿಗೆ ವಿನಿಮಯ ಕೇಂದ್ರವು ಕಡಿಮೆ ದರ ವಿಧಿಸುತ್ತಿತ್ತು, ಗ್ರಾಹಕರಿಂದ ಮಾತ್ರ ಹೆಚ್ಚಿನ ದರ ವಸೂಲಾಗಿ ನಡುವಿನ ಹಣ ಬ್ರೋಕರಿಗೆ ಉಳಿಯುತ್ತಿತ್ತು. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಅಕ್ಟೋಬರ್ 1ರಿಂದ ಇದನ್ನು ನಿಲ್ಲಿಸಿ, ಗ್ರಾಹಕರಿಂದ ಪಡೆದಷ್ಟೇ ಕೇಂದ್ರಕ್ಕೆ ತಲುಪಬೇಕೆಂದು ಮಾಡಿತು. ಆ ಆದಾಯ ಕಡಿತವಾದದ್ದರಿಂದ ಬ್ರೋಕರುಗಳು ಬೇರೆ ಶುಲ್ಕಗಳನ್ನು ಏರಿಸುವ ಸಾಧ್ಯತೆ ಇದ್ದೇ ಇರುತ್ತದೆ. ಹಳೆಯ ದರಪಟ್ಟಿಯನ್ನು ನಂಬಿ ಲೆಕ್ಕ ಹಾಕಬಾರದೆಂದು ನಾನು ಹೇಳುವುದು ಇದಕ್ಕಾಗಿಯೇ.

ನನ್ನ ರೂಢಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡೆ: ವರ್ಷಕ್ಕೆ ಹನ್ನೆರಡು ಖರೀದಿ, ಆರು ಮಾರಾಟ, ಪ್ರತಿಯೊಂದೂ ₹10,000. ಬ್ಯಾಂಕಿನ ಖಾತೆಯಲ್ಲಿ ಪ್ರತಿ ಆರ್ಡರಿಗೆ ಜಿಎಸ್‌ಟಿ ಸೇರಿ ₹59ರಂತೆ ಹದಿನೆಂಟಕ್ಕೆ ₹1,062, ಡಿಪಿ ಶುಲ್ಕ ₹177, ವಾರ್ಷಿಕ ಶುಲ್ಕ ₹826, ಒಟ್ಟು ₹2,065. ತಮ್ಮನ ಖಾತೆಯ ದರದಲ್ಲಿ ಖರೀದಿಗೆ ₹11.80, ಮಾರಾಟಕ್ಕೆ ಅಷ್ಟರ ಜೊತೆ ಡಿಪಿ ಶುಲ್ಕ ₹23.60, ವರ್ಷಕ್ಕೆ ₹354. ಬ್ರೋಕರೇಜೇ ಇಲ್ಲದ ಖಾತೆಯಲ್ಲಿ ಡಿಪಿ ಶುಲ್ಕ ₹15.34ರಂತೆ ಆರು ಮಾರಾಟಕ್ಕೆ ₹92.04, ಅದಕ್ಕೆ ವಾರ್ಷಿಕ ಶುಲ್ಕ ₹354 ಸೇರಿದಾಗ ₹446.04. ಹೀಗೆ ‘ಶೂನ್ಯ ಬ್ರೋಕರೇಜ್’ ಎಂದು ನಾನು ಆರಿಸಿಕೊಂಡ ಖಾತೆಯೇ ತಮ್ಮನ ಖಾತೆಗಿಂತ ದುಬಾರಿ ಎಂದು ಕಂಡಿತು.

ಈ ಲೆಕ್ಕವನ್ನು ಬದಲಿಸಿದ್ದು ಬಿಎಸ್‌ಡಿಎ, ಅಂದರೆ ಮೂಲ ಸೇವೆಗಳ ಡಿಮ್ಯಾಟ್ ಖಾತೆ. 2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ಸೆಬಿ ನಿಯಮದಂತೆ, ಖಾತೆಯಲ್ಲಿರುವ ಹೂಡಿಕೆಯ ಮೌಲ್ಯ ₹4 ಲಕ್ಷದವರೆಗೆ ಇದ್ದರೆ ವಾರ್ಷಿಕ ಶುಲ್ಕವಿಲ್ಲ, ₹10 ಲಕ್ಷದವರೆಗೆ ಹೆಚ್ಚೆಂದರೆ ₹100, ಅದನ್ನು ಮೀರಿದರೆ ಸಾಮಾನ್ಯ ದರ. ನನ್ನ ಹೂಡಿಕೆ ₹4 ಲಕ್ಷದೊಳಗೇ ಇತ್ತು. ಆದರೂ ಶುಲ್ಕ ಕಡಿತವಾಗುತ್ತಿದ್ದುದೇಕೆಂದು ವಿಚಾರಿಸಿದಾಗ ಉತ್ತರ ಸ್ಪಷ್ಟವಾಗಿತ್ತು: ಈ ಸೌಲಭ್ಯ ಸಿಗಬೇಕಾದರೆ, ನಾವು ಏಕೈಕ ಅಥವಾ ಮೊದಲ ಖಾತೆದಾರರಾಗಿರುವ ಡಿಮ್ಯಾಟ್ ಖಾತೆ ಒಂದೇ ಇರಬೇಕು. ಬ್ಯಾಂಕಿನಲ್ಲಿ ಸುಮ್ಮನೆ ಉಳಿಸಿಕೊಂಡಿದ್ದ ಹಳೆಯ ಖಾತೆ ತನ್ನ ₹826 ತಿನ್ನುವುದಲ್ಲದೆ ಹೊಸ ಖಾತೆಯ ₹354ನ್ನೂ ನನ್ನಿಂದ ಕಟ್ಟಿಸುತ್ತಿತ್ತು.

ಹಳೆಯ ಖಾತೆಯನ್ನು ಮುಚ್ಚಲು ನಿರ್ಧರಿಸಿ, ಹೊಸ ಬ್ರೋಕರಿನಿಂದ ಖಾತೆಯ ವಿವರಗಳಿರುವ ಕ್ಲೈಂಟ್ ಮಾಸ್ಟರ್ ರಿಪೋರ್ಟ್ ಪಡೆದು, ಖಾತೆ ಮುಚ್ಚುವ ಅರ್ಜಿಯಲ್ಲೇ ಉಳಿದ ಷೇರುಗಳನ್ನು ವರ್ಗಾಯಿಸುವ ಭಾಗವನ್ನೂ ತುಂಬಿ ಕೊಟ್ಟೆ. ಎರಡೂ ಖಾತೆಗಳ ಖಾತೆದಾರರ ವಿವರ ಪೂರ್ತಿ ಒಂದೇ ಆಗಿದ್ದರೆ, ಖಾತೆ ಮುಚ್ಚುವಾಗಿನ ಈ ವರ್ಗಾವಣೆಗೆ ಶುಲ್ಕ ವಿಧಿಸುವಂತಿಲ್ಲ. ನನ್ನ ಅರ್ಜಿ ಮಾತ್ರ ವಾಪಸಾಯಿತು. ಹಳೆಯ ಖಾತೆಯಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್ ಇತ್ತು, ಹೊಸದರಲ್ಲಿ ಪ್ಯಾನ್ ಕಾರ್ಡಿನಲ್ಲಿದ್ದಂತೆ ಊರಿನ ಹೆಸರೂ ತಂದೆಯ ಹೆಸರೂ ಬಿಡಿಸಿ ಬರೆದಿದ್ದವು. ಮೊದಲು ಹೆಸರು ತಿದ್ದಿಸಿ, ಬಾಕಿಯಿದ್ದ ವಾರ್ಷಿಕ ಶುಲ್ಕ ಕಟ್ಟಿ, ಅರ್ಜಿಯನ್ನು ಮತ್ತೊಮ್ಮೆ ಸಲ್ಲಿಸಬೇಕಾಯಿತು. ನಮ್ಮ ಕಡೆಯವರಲ್ಲಿ ಈ ತೊಡಕು ಬಹಳ ಮಂದಿಗೆ ಎದುರಾಗುವಂಥದು. ಅರ್ಜಿ ಹಾಕುವ ಮೊದಲೇ ಎರಡೂ ಕಡೆಯ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕು. ಷೇರುಗಳ ಜೊತೆಗೆ ಅವುಗಳ ಖರೀದಿ ಬೆಲೆ ವರ್ಗವಾಗಿ ಬರಲಿಲ್ಲ. ಹಳೆಯ ನೋಟುಗಳನ್ನು ಇಟ್ಟುಕೊಂಡಿದ್ದರಿಂದ ದಿನಾಂಕ ಮತ್ತು ಬೆಲೆಯನ್ನು ಹೊಸ ಖಾತೆಯಲ್ಲಿ ನಾನೇ ನಮೂದಿಸಿದೆ. ಅದಿಲ್ಲದಿದ್ದರೆ ಬಂಡವಾಳ ಲಾಭದ ಲೆಕ್ಕ ತಪ್ಪುತ್ತಿತ್ತು.

ಈಗ ಹೊಸ ಖಾತೆ ಬಿಎಸ್‌ಡಿಎ ಆಗಿದೆ, ವರ್ಷದ ಖರ್ಚು ಆ ₹92.04 ಮಾತ್ರ. ಆದರೆ ಅದೂ ಮಾರಾಟದ ರೀತಿಯನ್ನು ಅವಲಂಬಿಸಿದೆ. ಐದು ಕಂಪನಿಗಳ ತಲಾ ₹1,000ದ ಷೇರು ಮಾರಿದರೆ ಡಿಪಿ ಶುಲ್ಕವೇ ₹76.70, ಅಂದರೆ ಶೇ. 1.5ಕ್ಕೂ ಹೆಚ್ಚು. ಹಾಗಾಗಿ ಸಣ್ಣ ಹಿಡುವಳಿಗಳನ್ನು ತುಂಡು ತುಂಡಾಗಿ ಮಾರುವುದನ್ನು ಬಿಟ್ಟಿದ್ದೇನೆ. ತಮ್ಮನಿಗೂ ಖಾತೆ ಬದಲಿಸು ಎಂದು ನಾನು ಹೇಳಲಿಲ್ಲ. ಅವನ ಹೂಡಿಕೆ ₹10 ಲಕ್ಷ ದಾಟಿರುವುದರಿಂದ ಬಿಎಸ್‌ಡಿಎ ಅವನಿಗೆ ಸಿಗುವುದಿಲ್ಲ, ವರ್ಷಕ್ಕೆ ಅವನು ಮಾಡುವುದು ನಾಲ್ಕೈದು ವ್ಯವಹಾರ. ವಾರ್ಷಿಕ ಶುಲ್ಕವಿಲ್ಲದ ಅವನ ಖಾತೆಯೇ ಅವನಿಗೆ ಅಗ್ಗ.