ಮೊದಲು ರಾಡು, ಆಮೇಲೆ ಪರದೆ

ಕರ್ಟನ್ ಹೊಲಿಸಲು ಬರುವವರು ಹೆಚ್ಚಾಗಿ ಬಟ್ಟೆ ಹಿಡಿದುಕೊಂಡೇ ಬರುತ್ತಾರೆ. ಮಂಗಳೂರಿಗೆ ಹೋಗಿ ಬಣ್ಣ ಆರಿಸಿ, ಮೀಟರ್ ಲೆಕ್ಕದಲ್ಲಿ ಕತ್ತರಿಸಿ ತಂದಿರುತ್ತಾರೆ. ಆದರೆ ನಾನು ಮೊದಲು ಕೇಳುವುದು ರಾಡಿನ ಬಗ್ಗೆ. ಅದರ ದಪ್ಪ ಎಷ್ಟು, ನಡುವೆ ಬ್ರಾಕೆಟ್ ಇದೆಯಾ, ಗೋಡೆಯಿಂದ ಎಷ್ಟು ಮುಂದೆ ನಿಂತಿದೆ, ದಿನಕ್ಕೆ ಎಷ್ಟು ಸಲ ಪರದೆ ಎಳೆಯುತ್ತೀರಿ. ಪರದೆಯ ತಲೆಗೆ, ಅಂದರೆ ರಾಡಿಗೆ ತೂಗುವ ಮೇಲಿನ ಅಂಚಿಗೆ, ಐಲೆಟ್ ಹಾಕಬೇಕೋ, ಮೂರು ಮಡಿಕೆಯ ನೆರಿಗೆ ಹಿಡಿಯಬೇಕೋ, ಬಟ್ಟೆಯ ಪಟ್ಟಿಯ ಲೂಪ್ ಸಾಕೋ ಎಂಬುದು ಈ ಉತ್ತರಗಳಿಂದಲೇ ತೀರ್ಮಾನವಾಗುತ್ತದೆ.

ಕುಂಬಳೆಯಲ್ಲಿ ಕಡಲಿಗೆ ಹತ್ತಿರವಿರುವ ಒಂದು ಮನೆಯ ಕೆಲಸವನ್ನೇ ಹೇಳುತ್ತೇನೆ, ಮೂರು ನಮೂನೆಯೂ ಅಲ್ಲಿ ಬಂತು. ಮನೆಯೊಡತಿ ನಿವೃತ್ತ ಟೀಚರ್. "ಎಲ್ಲ ಕಿಟಕಿಗೂ ರಿಂಗಿನ ಪರದೆಯೇ ಆಗಲಿ ಅಕ್ಕ, ನೋಡಲಿಕ್ಕೆ ಒಂದೇ ನಮೂನೆ ಇರ್ತದೆ" ಎಂದರು. ರಿಂಗಿನ ಪರದೆ ಎಂದರೆ ನಮ್ಮಲ್ಲಿ ಐಲೆಟ್: ಬಟ್ಟೆಯಲ್ಲೇ ತೂತು ಮಾಡಿ ಪ್ಲಾಸ್ಟಿಕ್ ಬಳೆ ಒತ್ತಿ ಕೂರಿಸುವುದು.

ಹಾಲಿನ ಕಿಟಕಿ 8 ಅಡಿ ಅಗಲ. ಎರಡೂ ಬದಿಗೆ ಅರ್ಧ ಅಡಿ ಬಿಟ್ಟರೆ ರಾಡು 9 ಅಡಿ. ಅಷ್ಟು ಉದ್ದದ ಒಂದು ಇಂಚಿನ ಪೈಪು ಎರಡು ತುದಿಯ ಆಧಾರದಲ್ಲಿ ನಿಲ್ಲುವುದಿಲ್ಲ, ಪರದೆಯ ಭಾರಕ್ಕೆ ನಡು ಬಾಗುತ್ತದೆ. ರಾಡು ಬಾಗಿದೆಯೇ ಎಂದು ತಿಳಿಯಲು ಅಳತೆಯೂ ಬೇಡ. ಬದಿಗೆ ಸರಿಸಿಟ್ಟ ಪರದೆ ಯಾರೂ ಮುಟ್ಟದೆ ನಡುವಿಗೆ ಜಾರಿ ಬರುತ್ತಿದ್ದರೆ ರಾಡು ಬಾಗಿದೆ ಎಂದೇ ಅರ್ಥ. ಹಾಗಾಗಿ ನಡುವೆ ಮೂರನೇ ಬ್ರಾಕೆಟ್ ಬೇಕೇ ಬೇಕು. ಟೀಚರ್‌ಗೆ ಬೇಕಾಗಿದ್ದದ್ದು ಇಡೀ ಕಿಟಕಿಗೆ ಒಂದೇ ಪರದೆ, ಅದು ಪೂರ್ತಿ ಎಡಕ್ಕೆ ಸರಿಯಬೇಕು. ಐಲೆಟ್‌ನಲ್ಲಿ ಅದು ಆಗುವುದಿಲ್ಲ. ರಾಡು ಬಟ್ಟೆಯನ್ನು ತೂರಿಕೊಂಡು ಹೋಗುತ್ತದೆ, ಬಟ್ಟೆ ರಾಡಿಗಿಂತ ಒಂದೂವರೆ ಇಂಚು ಮೇಲಕ್ಕೂ ನಿಂತಿರುತ್ತದೆ. ನಡುವಿನ ಬ್ರಾಕೆಟ್ ಬಂದ ಕೂಡಲೇ ಪರದೆ ಅಲ್ಲಿಗೇ ನಿಲ್ಲುತ್ತದೆ. ರಾಡಿಗೆ ಹಾಕುವ ಪೂರ್ತಿ ದುಂಡನೆಯ ಬಳೆಗೂ ಇದೇ ಕಥೆ. ಬ್ರಾಕೆಟ್ ದಾಟಬೇಕಾದರೆ ಬಳೆ ಒಂದು ಕಡೆ ತೆರೆದಿರಬೇಕು, ಬ್ರಾಕೆಟ್ಟೂ ಅದಕ್ಕೆ ಹೊಂದುವಂಥದ್ದಾಗಿರಬೇಕು. ಇಲ್ಲವಾದರೆ ರಾಡು ಬಿಟ್ಟು ಟ್ರ್ಯಾಕ್ ಹಾಕಬೇಕು. ಇದನ್ನು ಟೀಚರ್‌ಗೆ ರಾಡು ಎತ್ತಿ ತೋರಿಸಿಯೇ ಹೇಳಿದೆ. ಹಾಲಿಗೆ ನಡುವಿನಿಂದ ಎರಡು ಬದಿಗೆ ಸರಿಯುವ ಜೋಡಿ ಪರದೆ ಎಂದು ಒಪ್ಪಿದರು. ಜೋಡಿಯಾದರೆ ಐಲೆಟ್‌ಗೆ ತೊಂದರೆಯಿಲ್ಲ, ಒಂದೊಂದು ಪರದೆ ತನ್ನ ಅರ್ಧದೊಳಗೆ ಓಡಾಡುತ್ತದೆ. ಕೊನೆಯ ಒಂದು ರಿಂಗನ್ನು ಮಾತ್ರ ತುದಿಯ ಬ್ರಾಕೆಟ್ಟಿನ ಹೊರಗೆ, ಬ್ರಾಕೆಟ್ಟಿಗೂ ತುದಿಯ ಗುಂಡಿಗೂ ನಡುವೆ ಬಿಡಬೇಕು. ಆಗ ಎಷ್ಟು ಎಳೆದರೂ ಪರದೆಯ ಹೊರ ಅಂಚು ಗೋಡೆ ಬಿಟ್ಟು ಬರುವುದಿಲ್ಲ.

ಐಲೆಟ್ ಎಷ್ಟು ಹಾಕಬೇಕು ಎಂಬಲ್ಲಿ ಸ್ವಲ್ಪ ನಿಲ್ಲುತ್ತೇನೆ. ಸಮಸಂಖ್ಯೆ ಇರಬೇಕು ಎಂದು ಎಲ್ಲ ಟೈಲರುಗಳಿಗೂ ಗೊತ್ತು, ಹಾಗಿದ್ದರೆ ಪರದೆಯ ಎರಡೂ ಅಂಚು ಗೋಡೆಯ ಕಡೆಗೆ ತಿರುಗುತ್ತವೆ. ಅಷ್ಟೇ ಸಾಲದು. ಟೀಚರ್ ತಂದ ಬಟ್ಟೆಯ ಪನ್ನ, ಅಂದರೆ ಅಗಲ, 48 ಇಂಚು. ಒಂದೊಂದು ಪರದೆಗೆ ಎರಡು ಪನ್ನ ಜೋಡಿಸಿದೆ. ಜೋಡಣೆಗೆ ಒಂದು ಇಂಚು, ಬದಿಯ ಮಡಿಕೆಗೆ ಎರಡೆರಡು ಇಂಚು ಹೋಗಿ 91 ಇಂಚು ಉಳಿಯಿತು. ಜೋಡಣೆಯ ಹೊಲಿಗೆ ಸರಿಯಾಗಿ ನಡುವೆ ಬರುತ್ತದೆ. 14 ರಿಂಗ್ ಹಾಕಿದರೆ ಆ ಹೊಲಿಗೆ ಮುಂದಕ್ಕೆ ಉಬ್ಬುವ ಅಲೆಯ ಮೇಲೇ ಕೂರುತ್ತದೆ, ಕೋಣೆಗೆ ಬಂದವರಿಗೆ ಮೊದಲು ಕಾಣುವುದೇ ಅದು. 16 ಹಾಕಿದರೆ ಅದೇ ಹೊಲಿಗೆ ಹಿಂದಿನ ಮಡಿಕೆಗೆ ಹೋಗುತ್ತದೆ. ಎರಡು ಪನ್ನದ ಪರದೆಗೆ ರಿಂಗು ನಾಲ್ಕರಿಂದ ಭಾಗವಾಗುವಂತಿರಲಿ ಎಂದು ನಾನು ಹೇಳುವುದು ಇದಕ್ಕೇ. ಅಂಚಿನಿಂದ ಎರಡೆರಡು ಇಂಚು ಬಿಟ್ಟು ಉಳಿದ 87 ಇಂಚನ್ನು 15 ಪಾಲು ಮಾಡಿದರೆ ಒಂದು ರಿಂಗಿನ ನಡುವಿನಿಂದ ಮುಂದಿನದರ ನಡುವಿಗೆ 5.8 ಇಂಚು, ಆರು ಇಂಚಿಗೆ ಒಂದು ಚೂರು ಕಡಿಮೆ. ಈ ಅಂತರಕ್ಕೆ ಅಲೆ ಹಿಂದಕ್ಕೂ ಮುಂದಕ್ಕೂ ಮೂರು ಇಂಚಿನ ಹತ್ತಿರ ಬಾಗುತ್ತದೆ. ಆದ್ದರಿಂದ ರಾಡು ಗೋಡೆಯಿಂದ ಮೂರೂವರೆ ಇಂಚಾದರೂ ಮುಂದೆ ಇರಬೇಕು. ಇಲ್ಲದಿದ್ದರೆ ಹಿಂದಿನ ಅಲೆ ಗೋಡೆಗೆ ಒತ್ತಿಕೊಂಡು ಚಪ್ಪಟೆಯಾಗುತ್ತದೆ, ಸುಣ್ಣದ ಗೋಡೆಯಾದರೆ ಬಟ್ಟೆಗೆ ಬಿಳಿ ಹತ್ತುತ್ತದೆ.

ರಿಂಗಿನ ಒಳ ಅಳತೆ ರಾಡಿಗಿಂತ 10ರಿಂದ 15 ಮಿಲಿಮೀಟರ್ ದೊಡ್ಡದಿರಲಿ. 25 ಮಿಲಿಮೀಟರ್ ರಾಡಿಗೆ 40ರ ರಿಂಗ್ ಹಗುರವಾಗಿ ಓಡುತ್ತದೆ. ಎಳೆದು ಉದ್ದ ಮಾಡುವ ರಾಡನ್ನು, ಅಂದರೆ ಪೈಪಿನೊಳಗೆ ಪೈಪು ಇರುವುದನ್ನು, ದಿನವೂ ಎಳೆಯುವ ಕಿಟಕಿಗೆ ನಾನು ಹಾಕಲು ಬಿಡುವುದಿಲ್ಲ. ದಪ್ಪ ಪೈಪು ಮುಗಿದು ಸಪೂರ ಪೈಪು ಶುರುವಾಗುವಲ್ಲಿ ಒಂದು ಮೆಟ್ಟಿಲಿರುತ್ತದೆ, ಪ್ರತಿ ಸಲ ರಿಂಗು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಜನ ಜಗ್ಗಿ ಎಳೆಯುತ್ತಾರೆ, ಒತ್ತಿ ಕೂರಿಸಿದ ಬಳೆಯ ಎರಡು ಹೋಳು ಬಿಟ್ಟುಕೊಳ್ಳುತ್ತವೆ.

ಟೀಚರ್ ಮಲಗುವ ಕೋಣೆಗೆ ಮೂರು ನೆರಿಗೆಯೇ ಆಗಬೇಕೆಂದು ನಾನು ಹಟ ಹಿಡಿದೆ. ಆ ಕಿಟಕಿಗೆ ಬೆಳಗಿನ ಬಿಸಿಲು ನೇರ ಬೀಳುತ್ತದೆ, ಆದ್ದರಿಂದ ಬಟ್ಟೆ ದಪ್ಪ, ಒಳಗೆ ಅಸ್ತರು ಬೇರೆ. ಅಂಥ ಬಟ್ಟೆಯ ಮೇಲೆ ಐಲೆಟ್ ಬಳೆ ಸರಿಯಾಗಿ ಕಚ್ಚುವುದಿಲ್ಲ. ನೆರಿಗೆಯ ಪರದೆಯಲ್ಲಿ ರಾಡಿನ ಮೇಲೆ ಓಡುವುದು ಬಳೆ ಮಾತ್ರ, ಬಟ್ಟೆ ಅದರ ಕೆಳಗೆ ಹುಕ್ಕಿನಲ್ಲಿ ತೂಗುತ್ತದೆ. ಹಾಗಾಗಿ ಬಟ್ಟೆ ಎಷ್ಟು ದಪ್ಪವಿದ್ದರೂ ಕೈಗೆ ಹಗುರ.

ಲೆಕ್ಕ ಹೀಗೆ ಹಾಕಿದೆ. ಕಿಟಕಿ 4 ಅಡಿ, ರಾಡು ಬ್ರಾಕೆಟ್ಟಿನಿಂದ ಬ್ರಾಕೆಟ್ಟಿಗೆ 5 ಅಡಿ, ಒಂದು ಪರದೆ ಮುಚ್ಚಬೇಕಾದದ್ದು 30 ಇಂಚು. ಬಿಗಿಯಾಗದಂತೆ ಒಂದು ಇಂಚು ಸೇರಿಸಿ 31. ಒಂದೊಂದು ಪನ್ನ ಸಾಕು ಎಂದು ಅಂಗಡಿಯಲ್ಲಿ ಹೇಳಿದ್ದರಂತೆ. ಒಂದು ಪನ್ನದಲ್ಲಿ ಬದಿ ಮಡಚಿದ ಮೇಲೆ ಉಳಿಯುವುದು 44 ಇಂಚು. ಅದರಲ್ಲಿ 31 ಕಳೆದರೆ ನೆರಿಗೆಗೆ ಸಿಗುವುದು ಬರೀ 13, ಅಷ್ಟರಲ್ಲಿ ಮೂರು ಮಡಿಕೆಯ ಒಳ್ಳೆಯ ನೆರಿಗೆ ಎರಡೇ ಬಂದಾವು. ಈ ತಲೆಗೆ ಮುಚ್ಚುವ ಅಗಲದ ಎರಡು ಪಾಲಿಗಿಂತ ಹೆಚ್ಚು ಬಟ್ಟೆ ಬೇಕು. ಒಂದೂವರೆ ಪನ್ನ ತೆಗೆದುಕೊಂಡರೆ 72, ಜೋಡಣೆ ಒಂದು, ಬದಿ ನಾಲ್ಕು ಕಳೆದು 67. ಅದರಲ್ಲಿ ನೆರಿಗೆಗೆ 36 ಇಂಚು, ಅಂದರೆ ಆರಾರು ಇಂಚಿನ ಆರು ನೆರಿಗೆ. ಉಳಿದ 31ರಲ್ಲಿ ಎರಡು ಅಂಚಿಗೆ ಮೂರು ಮೂರು ಇಂಚು, ನೆರಿಗೆಗಳ ನಡುವಿನ ಐದು ಜಾಗಕ್ಕೆ ಐದೈದು ಇಂಚು. ಜೋಡಿಗೆ ಒಟ್ಟು ಮೂರು ಪನ್ನ, ಒಂದನ್ನು ಉದ್ದಕ್ಕೆ ಸೀಳಿ ಎರಡು ಪರದೆಗೂ ಹಂಚುವುದು. ಸೀಳಿದ ತುಂಡು ಗೋಡೆಯ ಬದಿಗೆ ಬರಲಿ.

ಹೀಗೆ ಗುರುತು ಹಾಕಿ ನೋಡಿದರೆ ಜೋಡಣೆಯ ಹೊಲಿಗೆ ಒಳ ಅಂಚಿನಿಂದ 45.5 ಇಂಚಿಗೆ, ನಾಲ್ಕನೇ ಮತ್ತು ಐದನೇ ನೆರಿಗೆಯ ನಡುವಿನ ಬಯಲಲ್ಲಿ ಬೀಳುತ್ತದೆ. ಅಲ್ಲಿ ಬಿಟ್ಟರೆ ಇಡೀ ಪರದೆಯಲ್ಲಿ ಮೇಲಿನಿಂದ ಕೆಳಗೆ ಗೆರೆ ಎಳೆದಂತೆ ಕಾಣುತ್ತದೆ. ನಡುವಿನ ಜಾಗವನ್ನು ಹೆಚ್ಚು ಕಡಿಮೆ ಮಾಡಿದರೆ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ, ನೆರಿಗೆಯೊಳಗಿನ ಬಟ್ಟೆ ಅರ್ಧ ಇಂಚು, ಒಂದು ಇಂಚು ಆಚೀಚೆಯಾದರೆ ಯಾರಿಗೂ ತಿಳಿಯುವುದಿಲ್ಲ. ಅದಕ್ಕೆ ಮೊದಲ ನಾಲ್ಕು ನೆರಿಗೆಯನ್ನು ಐದೂವರೆ ಇಂಚಿಗೆ ಇಳಿಸಿ, ಉಳಿದ ಎರಡು ಇಂಚನ್ನು ಕೊನೆಯ ಎರಡು ನೆರಿಗೆಗೆ ಹಂಚಿ ಏಳೇಳು ಮಾಡಿದೆ. ಐದನೇ ನೆರಿಗೆ 45ಕ್ಕೆ ಶುರುವಾಗಿ ಹೊಲಿಗೆಯನ್ನು ಒಳಗೆ ನುಂಗಿಕೊಂಡಿತು.

ಹೊಲಿಯುವಾಗ ಮೇಲೆ ನಾಲ್ಕು ಇಂಚಿನ ಬಕ್ರಂ ಎಂಬ ಗಟ್ಟಿ ಬಟ್ಟೆಯ ಪಟ್ಟಿ ಇಟ್ಟು ಬಟ್ಟೆ ಮಡಚುತ್ತೇನೆ. ನೆರಿಗೆಯ ಎರಡು ಗುರುತು ಸೇರಿಸಿ ಮೇಲಿನಿಂದ ಬಕ್ರಮ್ಮಿನ ಕೆಳ ಅಂಚಿನವರೆಗೆ ನೇರ ಹೊಲಿಗೆ. ಆಗ ಮುಂದೆ ಒಂದು ದೊಡ್ಡ ಕುಣಿಕೆ ಏಳುತ್ತದೆ. ಅದರ ನಡುವನ್ನು ಬೆರಳಿನಿಂದ ಹಿಂದಕ್ಕೆ ಒತ್ತಿದರೆ ಎರಡು ಪಕ್ಕ ತಾವಾಗಿ ಮೇಲೆ ಬಂದು ಮೂರು ಸಮ ಮಡಿಕೆಯಾಗುತ್ತದೆ. ಬುಡದಲ್ಲಿ ಮಾತ್ರ ಕೈಹೊಲಿಗೆ ಹಾಕಿ ಬಿಗಿಯುತ್ತೇನೆ, ತುದಿ ಅರಳಿರಬೇಕು. ಆರು ನೆರಿಗೆಗೆ ಆರು, ಎರಡು ಅಂಚಿಗೆ ಎರಡು, ಒಂದು ಪರದೆಗೆ ಎಂಟು ಬಳೆ. ಉದ್ದ ಅಳೆಯುವುದು ರಾಡಿನಿಂದಲ್ಲ, ಬಳೆಯ ಕೆಳಗಿನ ಕಣ್ಣಿನಿಂದ. ಹಾಲಿನ ಐಲೆಟ್ ಪರದೆಯ ಅಳತೆಯನ್ನೇ ಇಲ್ಲಿಗೂ ತಂದರೆ ಪರದೆ ನೆಲಕ್ಕೆ ಎಳೆಯುತ್ತದೆ. ಹತ್ತಿಯ ಬಟ್ಟೆಯಾದರೆ ಕತ್ತರಿಸುವ ಮೊದಲೇ ನೀರಿಗೆ ಹಾಕಿ ತೆಗೆಯಿರಿ. 7 ಅಡಿಯ ಪರದೆ ಮೊದಲ ಒಗೆತದಲ್ಲಿ ಮೂರು ಇಂಚು ಮೇಲೆ ಹೋಗುವುದುಂಟು.

ಕಡಲ ಬದಿಯ ಮನೆಗೆ ಹುಕ್ಕು ಪ್ಲಾಸ್ಟಿಕ್ಕಿನದೋ ಹಿತ್ತಾಳೆಯದೋ ಆಗಬೇಕು. ಕಡಲಿನಿಂದ ದೂರದ ಬದಿಯಡ್ಕದ ಕಡೆ ವರ್ಷಗಟ್ಟಲೆ ಬರುವ ಕಬ್ಬಿಣದ ಹುಕ್ಕು ಕುಂಬಳೆಯ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿದು ನೆರಿಗೆಯ ಬೆನ್ನಿಗೆ ಕಂದು ಕಲೆ ಬಿಡುತ್ತದೆ, ಆ ಕಲೆ ಸೋಪಿಗೆ ಹೋಗುವುದಿಲ್ಲ. ಬಣ್ಣದ ಲೇಪದ ಕಬ್ಬಿಣದ ರಾಡೂ ಅಷ್ಟೇ, ರಿಂಗು ಉಜ್ಜಿ ಲೇಪ ಎದ್ದ ಜಾಗದಿಂದ ತುಕ್ಕು ಶುರು. ಆ ಮನೆಗೆ ಸ್ಟೀಲ್ ಪೈಪನ್ನೇ ಹಾಕಿಸಿದೆ. ಗೋಡೆ ಕೆಂಪುಕಲ್ಲಿನದು. ಕಲ್ಲಿನೊಳಗೆ ಪೊಳ್ಳು ಇರುವುದರಿಂದ ಎಲ್ಲೆಂದರಲ್ಲಿ ಡ್ರಿಲ್ ಮಾಡಿದರೆ ಪ್ಲಗ್ ಒಳಗೇ ತಿರುಗುತ್ತದೆ. ಒಂದು ಉದ್ದ ಮರದ ಪಟ್ಟಿಯನ್ನು ನಾಲ್ಕೈದು ಕಡೆ ಗೋಡೆಗೆ ಬಿಗಿದು, ಬ್ರಾಕೆಟ್ಟುಗಳನ್ನು ಆ ಪಟ್ಟಿಗೆ ಹೊಡೆಸಿದೆವು. ಪಟ್ಟಿಯ ದಪ್ಪದಿಂದ ರಾಡು ಗೋಡೆಯಿಂದ ಇನ್ನಷ್ಟು ಮುಂದೆ ಬಂತು, ಹಾಲಿನ ಐಲೆಟ್ ಅಲೆಗೆ ಅದೂ ಒಳ್ಳೆಯದೇ ಆಯಿತು.

ಲೂಪ್ ಹಾಕಿದ್ದು ಒಂದೇ ಕಡೆ, ಜಗಲಿಯಿಂದ ಒಳಗೆ ಬರುವ ಬಾಗಿಲಿಗೆ. ಅಲ್ಲಿ ಹಳೆಯ ಹಲಸಿನ ಮರದ ಕೋಲು ಮೊದಲೇ ಇತ್ತು, ಟೀಚರ್‌ಗೆ ಅದನ್ನು ತೆಗೆಯಲು ಮನಸ್ಸಿಲ್ಲ. ಆ ಪರದೆಯನ್ನು ದಿನವೂ ಸರಿಸುವುದಿಲ್ಲ, ಒಂದು ಬದಿಗೆ ಕಟ್ಟಿಯೇ ಇರುತ್ತದೆ. ಲೂಪಿಗೆ ಹೇಳಿ ಮಾಡಿಸಿದ ಜಾಗ. ಬಟ್ಟೆಯ ಪಟ್ಟಿ ನೇರವಾಗಿ ಮರವನ್ನು ಅಪ್ಪಿಕೊಂಡಿರುವುದರಿಂದ ಬೇಸಗೆಯಲ್ಲೇ ಕಷ್ಟಪಟ್ಟು ಜರುಗುತ್ತದೆ, ಮಳೆಗಾಲದಲ್ಲಿ ಮರವೂ ಬಟ್ಟೆಯೂ ತೇವ ಎಳೆದುಕೊಂಡು ಕಚ್ಚಿಕೊಳ್ಳುತ್ತವೆ. ಕೋಲಿಗೆ ಮೇಣದ ಬತ್ತಿ ಉಜ್ಜಿದರೆ ಸ್ವಲ್ಪ ದಿನ ಹಗುರವಾಗುತ್ತದೆ, ಅಷ್ಟೇ. ಒಂದು ಇಂಚಿನ ಕೋಲಿಗೆ ಎರಡು ಇಂಚು ಅಗಲದ, ಏಳು ಇಂಚು ಉದ್ದ ಕತ್ತರಿಸಿದ ಪಟ್ಟಿ ಸಾಕು. ಮಡಚಿ ಹೊಲಿದಾಗ ಪರದೆ ಕೋಲಿನ ಮೇಲ್ಭಾಗದಿಂದ ಹತ್ತಿರ ಹತ್ತಿರ ಮೂರು ಇಂಚು ಕೆಳಗೆ ನಿಲ್ಲುತ್ತದೆ. ಪಟ್ಟಿಗಳ ನಡುವೆ ಐದಾರು ಇಂಚಿಗಿಂತ ಹೆಚ್ಚು ಬಿಟ್ಟರೆ ಅಲ್ಲಲ್ಲಿ ಬಟ್ಟೆ ಜೋಲುತ್ತದೆ. ಮಕ್ಕಳು ಸೆರಗು ಹಿಡಿದು ಎಳೆಯುವ ಬಾಗಿಲಾದ್ದರಿಂದ ಪ್ರತಿ ಪಟ್ಟಿಯ ಬುಡಕ್ಕೆ ಚೌಕ ಹೊಲಿಗೆ ಹಾಕಿ, ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಅಡ್ಡ ಹೊಲಿಗೆ ಹಾಕಿ ಕೊಟ್ಟೆ.